ಹಳೆಯ ವರ್ಷದ ಅಸೆಸ್‌ಮೆಂಟ್ ಮತ್ತೆ ತೆರೆದರೆ: ಕಾರಣ ಕೇಳುವುದು, ಆಕ್ಷೇಪಣೆ ಸಲ್ಲಿಸುವುದು ಹೇಗೆ?

ನಾಲ್ಕೈದು ವರ್ಷ ಹಿಂದಿನ ಆದಾಯದ ಬಗ್ಗೆ ಆದಾಯ ತೆರಿಗೆ ಇಲಾಖೆಯಿಂದ ನೋಟಿಸ್ ಬಂದಾಗ ಜಾಸ್ತಿ ಜನ ಎಡವುವುದು ಒಂದೇ ಜಾಗದಲ್ಲಿ. ಎಲ್ಲೋ ಸಿಕ್ಕ ಹಳೆಯ ಮಾದರಿ ಪತ್ರ ಇಳಿಸಿಕೊಂಡು, "ದಾಖಲಿಸಿದ ಕಾರಣಗಳ ಪ್ರತಿ ಕೊಡಿ, ಆಮೇಲೆ ಉತ್ತರ ಕೊಡುತ್ತೇನೆ" ಎಂದು ಬರೆದು ಸುಮ್ಮನಾಗುತ್ತಾರೆ. ಆ ಪತ್ರ 2021ಕ್ಕೆ ಮೊದಲಿನ ಕಾನೂನಿಗೆ ಹೊಂದುವಂಥದ್ದು. ಈಗಿನ ಕ್ರಮದಲ್ಲಿ ಕಾರಣ ಕೇಳುವ ಜಾಗ ಬೇರೆ, ಸಮಯ ಬೇರೆ. ಅದಕ್ಕೆ ಕಾಯುತ್ತಾ ಕೂತರೆ ಉತ್ತರದ ಗಡುವೇ ಮುಗಿದುಹೋಗುತ್ತದೆ.

ಅದಕ್ಕೇ ಇಲ್ಲಿ ಒಂದು ಉದಾಹರಣೆ ಹಿಡಿದು ಹಂತ ಹಂತವಾಗಿ ಹೋಗೋಣ. 64 ವರ್ಷದ ಗೃಹಿಣಿಯೊಬ್ಬರು ಇದ್ದಾರೆ ಎಂದುಕೊಳ್ಳಿ. ಗಂಡ ತೀರಿಕೊಂಡ ಮೇಲೆ, 2018ರಲ್ಲಿ, ಅವರ ಪಿಎಫ್ ಮತ್ತು ಗ್ರಾಚ್ಯುಟಿ ಸೇರಿ 18 ಲಕ್ಷ ರೂಪಾಯಿ ಇವರ ಖಾತೆಗೆ ಬಂತು. ಬಡ್ಡಿ ಬಿಟ್ಟರೆ ಬೇರೆ ಆದಾಯ ಇಲ್ಲ. ರಿಟರ್ನ್ ಹಾಕಿಲ್ಲ. 2025ರ ಜೂನ್‌ನಲ್ಲಿ ಅವರಿಗೆ ನೋಟಿಸ್ ಬರುತ್ತದೆ: 2021-22ರ ಅಸೆಸ್‌ಮೆಂಟ್ ವರ್ಷಕ್ಕೆ ಸಂಬಂಧಿಸಿದಂತೆ ನೀವು 72 ಲಕ್ಷ ರೂಪಾಯಿ ಠೇವಣಿ ಇಟ್ಟಿದ್ದೀರಿ, ರಿಟರ್ನ್ ಸಲ್ಲಿಸಿಲ್ಲ, ಈ ಆದಾಯ ತೆರಿಗೆಯಿಂದ ತಪ್ಪಿಸಿಕೊಂಡಿದೆ ಎಂದು ಕಾಣುತ್ತದೆ, ವಿವರಣೆ ಕೊಡಿ.

## ಹಂತ 1: ಕೈಯಲ್ಲಿರುವ ಕಾಗದ ಯಾವುದು ಎಂದು ಗುರುತಿಸಿ

ಮೊದಲು ನೋಟಿಸ್ ಅಸಲಿಯೇ ನೋಡಿ. ಇಲಾಖೆಯ ಪೋರ್ಟಲ್‌ನ ಮೊದಲ ಪುಟದಲ್ಲೇ `Authenticate Notice/Order Issued by ITD` ಎಂಬ ಕೊಂಡಿ ಇದೆ. ನೋಟಿಸ್ ಮೇಲಿರುವ ಡಿಐಎನ್ ಸಂಖ್ಯೆ ಅಲ್ಲಿ ಹಾಕಿದರೆ ಗೊತ್ತಾಗುತ್ತದೆ. ಫೋನ್ ಮಾಡಿ ದುಡ್ಡು ಕೇಳುವವರ ಕಾಗದ ಇಲ್ಲೇ ಬಯಲಾಗುತ್ತದೆ.

ಆಮೇಲೆ ಸೆಕ್ಷನ್ ಸಂಖ್ಯೆ ಓದಿ. 148ಎ ಎಂದಿದ್ದರೆ ಅದು ಶೋಕಾಸ್ ನೋಟಿಸ್. ಅಸೆಸ್‌ಮೆಂಟ್ ಇನ್ನೂ ತೆರೆದಿಲ್ಲ, "ಯಾಕೆ ತೆರೆಯಬಾರದು ಹೇಳಿ" ಎಂದು ಕೇಳುತ್ತಿದ್ದಾರೆ ಅಷ್ಟೆ. ಆಕ್ಷೇಪಣೆಯ ನಿಜವಾದ ಜಾಗ ಇದೇ. 2024ರ ಸೆಪ್ಟೆಂಬರ್ 1ರ ನಂತರದ ನೋಟಿಸ್‌ಗಳಲ್ಲಿ ಇದು 148ಎ(1) ಎಂದಿರುತ್ತದೆ. ಅದಕ್ಕೂ ಮೊದಲಿನವುಗಳಲ್ಲಿ 148ಎ(ಬಿ). ಬರೀ 148 ಎಂದಿದ್ದರೆ ಬಾಗಿಲು ಆಗಲೇ ತೆರೆದಿದೆ. ಅದರ ಜೊತೆ 148ಎ ಅಡಿಯ ಆದೇಶದ ಪ್ರತಿಯೂ ಇರಬೇಕು. ಇಲ್ಲದಿದ್ದರೆ, ಅಥವಾ ನಿಮಗೆ ಶೋಕಾಸ್ ನೋಟಿಸ್ ಬಂದೇ ಇಲ್ಲದಿದ್ದರೆ, ಅದೇ ನಿಮ್ಮ ಮೊದಲ ತಕರಾರು. (ಒಂದು ವಿನಾಯಿತಿ ಇದೆ: ಸೆಕ್ಷನ್ 135ಎ ಯೋಜನೆಯಡಿ ಬಂದ ಮಾಹಿತಿಯಾದರೆ ಶೋಕಾಸ್ ಇಲ್ಲದೆ ನೇರವಾಗಿ 148 ಕಳಿಸಬಹುದು.)

ಇನ್ನು ಆ ಹಳೆಯ ಪತ್ರ ಯಾರಿಗೆ ಬೇಕು? 148ರ ನೋಟಿಸ್ 2021ರ ಏಪ್ರಿಲ್ 1ಕ್ಕೆ ಮೊದಲೇ ಬಂದು, ಪ್ರಕರಣ ಇನ್ನೂ ನಡೆಯುತ್ತಿರುವವರಿಗೆ. ಜಿಕೆಎನ್ ಡ್ರೈವ್‌ಶಾಫ್ಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಅವರಿಗೆ ಹಾಕಿಕೊಟ್ಟ ಕ್ರಮ ಹೀಗಿದೆ: ಮೊದಲು ರಿಟರ್ನ್ ಸಲ್ಲಿಸಿ, ಬೇಕಿದ್ದರೆ ದಾಖಲಿಸಿದ ಕಾರಣ ಕೇಳಿ, ಅಧಿಕಾರಿ ಕಾರಣ ಕೊಟ್ಟ ಮೇಲೆ ಆಕ್ಷೇಪಣೆ ಸಲ್ಲಿಸಿ, ಅಧಿಕಾರಿ ಅದಕ್ಕೆ ಕಾರಣ ಸಹಿತ ಪ್ರತ್ಯೇಕ ಆದೇಶ ಬರೆಯಬೇಕು. ಆ ಆದೇಶ ಬರೆಯದೆ ನೇರ ಅಸೆಸ್‌ಮೆಂಟ್ ಮುಗಿಸಿದ್ದರೆ ಮೇಲ್ಮನವಿಯಲ್ಲಿ ಎತ್ತಬೇಕಾದ ಅಂಶ ಅದೇ.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ ಎಂದು ಗೊಂದಲ ಬೇಡ. ಅದಕ್ಕೂ ಮೊದಲಿನ ವರ್ಷಗಳ ವಿಷಯ 1961ರ ಕಾಯ್ದೆಯಲ್ಲೇ ನಡೆಯುತ್ತದೆ. ಹಾಗಾಗಿ ಇಲ್ಲಿ ಹೇಳುವ ಸೆಕ್ಷನ್‌ಗಳೆಲ್ಲ ಹಳೆಯ ಕಾಯ್ದೆಯವು.

## ಹಂತ 2: ವರ್ಷ ಎಣಿಸಿ

ಉತ್ತರ ಬರೆಯಲು ಕೂರುವ ಮೊದಲೇ ಒಂದು ಹಾಳೆಯಲ್ಲಿ ಈ ಲೆಕ್ಕ ಹಾಕಿ. ಎಣಿಕೆ ಶುರುವಾಗುವುದು ಆದಾಯ ಬಂದ ಹಣಕಾಸು ವರ್ಷದ ಕೊನೆಯಿಂದ ಅಲ್ಲ, ಅದರ ಮರುವರ್ಷವಾದ ಅಸೆಸ್‌ಮೆಂಟ್ ವರ್ಷದ ಕೊನೆಯಿಂದ. ಇಲ್ಲಿ ತಪ್ಪಿ ಒಂದು ವರ್ಷ ಹೆಚ್ಚು ಎಣಿಸಿ, "ಗಡುವು ಮುಗಿದಿದೆ" ಎಂದು ನಂಬಿ ಉತ್ತರವನ್ನೇ ಕೊಡದವರು ಇದ್ದಾರೆ.

ನಮ್ಮ ಉದಾಹರಣೆಯಲ್ಲಿ ಅಸೆಸ್‌ಮೆಂಟ್ ವರ್ಷ 2021-22. ಅದು ಮುಗಿದದ್ದು 2022ರ ಮಾರ್ಚ್ 31ಕ್ಕೆ. 2024ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಸೆಕ್ಷನ್ 149ರ ಪ್ರಕಾರ ಶೋಕಾಸ್ ನೋಟಿಸ್ ಕೊಡಲು ಸಾಮಾನ್ಯವಾಗಿ ಮೂರು ವರ್ಷ. ಅಂದರೆ 2025ರ ಮಾರ್ಚ್ 31. ತಪ್ಪಿಹೋದ ಆದಾಯ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಎಂದು ಅಧಿಕಾರಿಯ ಬಳಿಯ ಮಾಹಿತಿ ತೋರಿಸಿದರೆ ಮಾತ್ರ ಐದು ವರ್ಷ, ಅಂದರೆ 2027ರ ಮಾರ್ಚ್ 31. ಆಮೇಲಿನ 148ರ ನೋಟಿಸ್‌ಗೆ ಎರಡೂ ಕಡೆ ಇನ್ನೂ ಮೂರು ತಿಂಗಳು ಸಿಗುತ್ತದೆ.

ಈ ನೋಟಿಸ್ ಬಂದದ್ದು 2025ರ ಜೂನ್‌ನಲ್ಲಿ. ಮೂರು ವರ್ಷ ಮುಗಿದಿದೆ. ಹಾಗಾದರೆ ಇಡೀ ಪ್ರಕರಣ ನಿಂತಿರುವುದು ಆ 72 ಲಕ್ಷ ಎಂಬ ಒಂದು ಅಂಕಿಯ ಮೇಲೆ. ಅದು 50 ಲಕ್ಷಕ್ಕಿಂತ ಕೆಳಗೆ ಇಳಿದರೆ ನೋಟಿಸ್‌ಗೆ ಕಾಲೇ ಇಲ್ಲ. ಹೀಗೆ ಎಣಿಸಿದ ಮೇಲಷ್ಟೇ ಯಾವ ಕಾಗದ ಹುಡುಕಬೇಕು ಎಂದು ತಿಳಿಯುತ್ತದೆ.

## ಹಂತ 3: ಮಾಹಿತಿ ಮತ್ತು ಅದರ ಆಧಾರ ಕೇಳಿ

148ಎ ಪ್ರಕಾರ ಆದಾಯ ತಪ್ಪಿದೆ ಎಂದು ಸೂಚಿಸುವ ಮಾಹಿತಿಯನ್ನು ಶೋಕಾಸ್ ನೋಟಿಸ್ ಜೊತೆಯಲ್ಲೇ ಕೊಡಬೇಕು. ಹಿಂದಿನ "ದಾಖಲಿಸಿದ ಕಾರಣ"ದ ಜಾಗದಲ್ಲಿ ಈಗ ಇರುವುದು ಇದು. ಆದರೆ ಬಹಳ ನೋಟಿಸ್‌ಗಳಲ್ಲಿ ಬರುವುದು ಒಂದು ಸಾಲಿನ ಕೋಷ್ಟಕ: ಮಾಹಿತಿಯ ಹೆಸರು, ಕೊಟ್ಟವರು, ಮೊತ್ತ. ಆಶಿಶ್ ಅಗರ್ವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ 4ರಂದು, ಅಲ್ಲಿನ ನೋಟಿಸ್‌ಗಳ ವಿಷಯದಲ್ಲಿ, ಮಾಹಿತಿಯ ಜೊತೆ ಇಲಾಖೆ ನೆಚ್ಚಿಕೊಂಡ ಆಧಾರವನ್ನೂ ಕೊಡಿ ಎಂದಿತ್ತು. ಹಾಗಾಗಿ ಎರಡನ್ನೂ ಕೇಳಿ.

ಕೇಳುವಾಗ "ಎಲ್ಲ ದಾಖಲೆ ಕೊಡಿ" ಎಂದು ಬರೆಯಬೇಡಿ. ಅದಕ್ಕೆ "ನೋಟಿಸ್‌ನಲ್ಲೇ ಇದೆ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಬೇಕಾದದ್ದನ್ನು ಹೆಸರಿಟ್ಟು ಕೇಳಿ. ಇಲಾಖೆಯ ಕಡತ ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲಿ ಓಡುವುದರಿಂದ ಪತ್ರ ಇಂಗ್ಲಿಷ್‌ನಲ್ಲಿ ಬರೆಸುವುದು ರೂಢಿ. ತಿರುಳು ಇಷ್ಟಿರಲಿ:

> ದಿನಾಂಕ … ರ 148ಎ(1) ನೋಟಿಸ್‌ಗೆ ಸಂಬಂಧಿಸಿ. ನೋಟಿಸ್‌ನಲ್ಲಿ 72 ಲಕ್ಷ ರೂಪಾಯಿಯ ಒಟ್ಟು ಮೊತ್ತ ಮಾತ್ರ ಇದೆ. ದಯವಿಟ್ಟು (1) ಈ ಮೊತ್ತ ಸೇರಿಸಿದ ಪ್ರತಿಯೊಂದು ಠೇವಣಿಯ ಖಾತೆ ಸಂಖ್ಯೆ, ದಿನಾಂಕ ಮತ್ತು ಮೊತ್ತ, (2) ಬ್ಯಾಂಕ್ ಸಲ್ಲಿಸಿದ ವರದಿಯ ನನಗೆ ಸಂಬಂಧಿಸಿದ ಭಾಗ, (3) ಈ ಠೇವಣಿ ಯಾವ ಕಾರಣಕ್ಕೆ ಈ ವರ್ಷದ ಆದಾಯ ಎನ್ನುವುದಕ್ಕೆ ಇರುವ ಆಧಾರ ಒದಗಿಸಿ. ಇವು ಸಿಕ್ಕ ಮೇಲೆ ಹೆಚ್ಚಿನ ಉತ್ತರ ಸಲ್ಲಿಸುವ ಹಕ್ಕು ಉಳಿಸಿಕೊಂಡು, ನನ್ನ ಬಳಿ ಇರುವ ದಾಖಲೆಗಳ ಆಧಾರದ ಮೇಲೆ ಆಕ್ಷೇಪಣೆಯನ್ನು ಇದರೊಂದಿಗೆ ಸಲ್ಲಿಸುತ್ತಿದ್ದೇನೆ.

ಕೊನೆಯ ವಾಕ್ಯ ತುಂಬ ಮುಖ್ಯ. ಈಗಿನ ಕಾನೂನಿನಲ್ಲಿ ಉತ್ತರಕ್ಕೆ ಇಂತಿಷ್ಟು ದಿನ ಎಂದು ಸೆಕ್ಷನ್‌ನಲ್ಲೇ ಇಲ್ಲ. ನೋಟಿಸ್‌ನಲ್ಲಿ ಬರೆದ ದಿನವೇ ಗಡುವು. ನೀವು ಮಾಹಿತಿ ಕೇಳಿದ್ದರಿಂದ ಆ ಗಡುವು ತಾನಾಗಿ ಮುಂದೆ ಹೋಗುವುದಿಲ್ಲ. ಸಮಯ ಇದ್ದರೆ ಕೋರಿಕೆಯನ್ನು ಮೊದಲ ಎರಡು ಮೂರು ದಿನದಲ್ಲೇ ಕಳಿಸಿ, ಆಕ್ಷೇಪಣೆ ಗಡುವಿನೊಳಗೆ ಹಾಕಿ. ಸಮಯ ಇಲ್ಲದಿದ್ದರೆ ಎರಡನ್ನೂ ಒಂದೇ ದಿನ ಹಾಕಿ.

## ಹಂತ 4: ಅಂಕಿ ಎಲ್ಲಿಂದ ಬಂತು ಎಂದು ನೀವೇ ಹುಡುಕಿ

ಅಧಿಕಾರಿ ಕೊಡುವವರೆಗೆ ಕಾಯಬೇಕಿಲ್ಲ. 2020-21ರ ಹಣಕಾಸು ವರ್ಷದಿಂದ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿ ಪೋರ್ಟಲ್‌ನಲ್ಲೇ ಸಿಗುತ್ತದೆ. ನಮ್ಮ ಉದಾಹರಣೆಯ ವರ್ಷವೂ ಅದೇ. ಅಲ್ಲಿ `SFT-005` ಎಂಬ ಸಾಲು ನಿಶ್ಚಿತ ಠೇವಣಿಗೆ ಸಂಬಂಧಿಸಿದ್ದು. ಒಬ್ಬರು ಒಂದು ವರ್ಷದಲ್ಲಿ ಒಟ್ಟು 10 ಲಕ್ಷ ಅಥವಾ ಜಾಸ್ತಿ ಎಫ್‌ಡಿ ಇಟ್ಟರೆ ಬ್ಯಾಂಕು ಇದರಲ್ಲಿ ವರದಿ ಮಾಡುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ನಿಯಮ 114ಇ ಪ್ರಕಾರ ಹಳೆಯ ಎಫ್‌ಡಿ ನವೀಕರಣವಾಗಿ ಬಂದ ಎಫ್‌ಡಿಯನ್ನು ಈ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಆದರೆ ಈ ಮಹಿಳೆ ಕೊರೊನಾ ಕಾಲದಲ್ಲಿ ದುಡ್ಡು ಕೈಗೆ ಸಿಗುವಂತೆ ಇರಲಿ ಎಂದು ಮೂರು ಮೂರು ತಿಂಗಳ ಎಫ್‌ಡಿ ಇಟ್ಟಿದ್ದರು. ಅವಧಿ ಮುಗಿದಾಗ ಹಣ ಉಳಿತಾಯ ಖಾತೆಗೆ ಬಂತು, ಒಂದೆರಡು ದಿನದಲ್ಲಿ ಮತ್ತೆ ಹೊಸ ಎಫ್‌ಡಿ ಆಯಿತು. ಬ್ಯಾಂಕಿನ ಕಂಪ್ಯೂಟರ್‌ಗೆ ಅದು ನವೀಕರಣ ಅಲ್ಲ, ಹೊಸ ಠೇವಣಿ. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ: ಒಂದೇ 18 ಲಕ್ಷ ನಾಲ್ಕು ಸಲ ಲೆಕ್ಕಕ್ಕೆ ಬಂದು 72 ಲಕ್ಷ ಆಯಿತು.

ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಉಳಿತಾಯ ಖಾತೆಯ ಸ್ಟೇಟ್‌ಮೆಂಟ್ ತೆಗೆಸಿ. ಎಫ್‌ಡಿ ಮುಗಿದು ಜಮೆಯಾದ ಸಾಲು, ಅದರ ಕೆಳಗೆ ಹೊಸ ಎಫ್‌ಡಿಗೆ ಹೋದ ಸಾಲು, ಎರಡಕ್ಕೂ ಪೆನ್ನಿನಲ್ಲಿ ಗುರುತು ಹಾಕಿ. ನಾಲ್ಕೂ ಎಫ್‌ಡಿಗಳ ಸಂಖ್ಯೆ, ಇಟ್ಟ ದಿನ, ಮುಗಿದ ದಿನ, ಹಣ ಬಂದ ಖಾತೆ, ಹೀಗೆ ನಾಲ್ಕು ಸಾಲಿನ ಒಂದು ಪಟ್ಟಿ ಮಾಡಿ. ಇಡೀ ಆಕ್ಷೇಪಣೆಯಲ್ಲಿ ಅಧಿಕಾರಿ ನಿಜಕ್ಕೂ ಓದುವ ಪುಟ ಬಹುಶಃ ಇದೊಂದೇ. ಜೊತೆಗೆ ಮ್ಯಾನೇಜರ್ ಸಹಿ ಇರುವ ಬ್ಯಾಂಕಿನ ಪತ್ರ ಸಿಕ್ಕರೆ ಇನ್ನೂ ಗಟ್ಟಿ. ಆಮೇಲೆ 2018ರಲ್ಲಿ ಪಿಎಫ್ ಮತ್ತು ಗ್ರಾಚ್ಯುಟಿ ಬಂದ ಸ್ಟೇಟ್‌ಮೆಂಟ್ ಪುಟ ಇಡಿ. ಮೂಲ ಹಣವೇ ಬೇರೆ ವರ್ಷದ್ದು ಎಂದು ಅದು ತೋರಿಸುತ್ತದೆ.

ಹಳೆಯ ಸ್ಟೇಟ್‌ಮೆಂಟ್ ಬ್ಯಾಂಕ್ ಆ್ಯಪ್‌ನಲ್ಲಿ ಸಿಗದೇ ಹೋಗಬಹುದು. ಶಾಖೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಗಡುವಿನೊಳಗೆ ಕಾಗದ ಬರದಿದ್ದರೆ ಆ ಸ್ವೀಕೃತಿಯೇ ಹೆಚ್ಚಿನ ಸಮಯ ಕೇಳಲು ಆಧಾರ.

ಎಚ್ಚರಿಕೆ: ಎಐಎಸ್‌ನಲ್ಲಿ ಆ ಸಾಲಿನ ಎದುರು "ಮಾಹಿತಿ ಸರಿಯಿಲ್ಲ" ಎಂದು ಪ್ರತಿಕ್ರಿಯೆ ಹಾಕಿ, ನೋಟಿಸ್‌ಗೆ ಉತ್ತರ ಕೊಟ್ಟೆ ಎಂದುಕೊಳ್ಳಬೇಡಿ. ಪ್ರತಿಕ್ರಿಯೆ ಹಾಕಿ, ಅದರ ಸ್ವೀಕೃತಿಯನ್ನು ಲಗತ್ತಿಸಿ. ಆದರೆ ಉತ್ತರ ಬೇರೆಯೇ ಕೊಡಬೇಕು.

## ಹಂತ 5: ಆಕ್ಷೇಪಣೆ ಬರೆಯುವ ಕ್ರಮ

ಕಾನೂನಿನ ತಕರಾರು ಮೊದಲು, ವಿವರಣೆ ಆಮೇಲೆ. ಈ ಕ್ರಮ ತಲೆಕೆಳಗಾದರೆ ನೀವು ಬರೀ ಲೆಕ್ಕ ಒಪ್ಪಿಸಿದಂತೆ ಕಾಣುತ್ತದೆ, ಗಡುವಿನ ಪ್ರಶ್ನೆ ಮರೆಗೆ ಸರಿಯುತ್ತದೆ.

ಮೊದಲ ಪ್ಯಾರಾದಲ್ಲಿ ಹಂತ 2ರ ಲೆಕ್ಕ ಬರೆಯಿರಿ: ವರ್ಷ ಮುಗಿದ ದಿನ, ಮೂರು ವರ್ಷ ತುಂಬಿದ ದಿನ, ನೋಟಿಸ್ ದಿನ. ಆಮೇಲೆ 50 ಲಕ್ಷದ ಷರತ್ತು ಯಾಕೆ ಪೂರೈಸಿಲ್ಲ ಎಂದು ಹೇಳಿ. ಇಲ್ಲಿ ಅಧಿಕಾರಿಗೆ ಒಂದು ಆಸರೆ ಇದೆ: ಸೆಕ್ಷನ್‌ನಲ್ಲಿ "ಅಧಿಕಾರಿಯ ಬಳಿಯ ಮಾಹಿತಿಯ ಪ್ರಕಾರ" 50 ಲಕ್ಷ ಎಂದಿದೆ. "ನನ್ನ ಮಾಹಿತಿ 72 ಲಕ್ಷ ಎನ್ನುತ್ತದೆ, ಅಷ್ಟು ಸಾಕು" ಎಂದು ಅವರು ಬರೆಯಬಹುದು. ಅದನ್ನು ಮೊದಲೇ ತಡೆಯಿರಿ. ಆ ಮಾಹಿತಿಯನ್ನೇ ಠೇವಣಿವಾರು ಬಿಡಿಸಿದರೆ ಒಂದೇ ಮೊತ್ತ ನಾಲ್ಕು ಸಲ ಬಂದಿದೆ ಎಂದು ತೋರಿಸಿ. ಷರತ್ತು ಇರುವುದು ತಪ್ಪಿಹೋದ ಆದಾಯಕ್ಕೆ, ಠೇವಣಿಗಳ ಒಟ್ಟು ಮೊತ್ತಕ್ಕಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ.

ಮೂರನೆಯದು ವಿವರಣೆ. ಹಣದ ಮೂಲ 2018ರದ್ದು. ಆ ವರ್ಷದ ನಿಜವಾದ ಆದಾಯ ಎಫ್‌ಡಿ ಬಡ್ಡಿ, ಸುಮಾರು 74,000 ರೂಪಾಯಿ. 60 ದಾಟಿದವರಿಗೆ ಆ ವರ್ಷ 3 ಲಕ್ಷದವರೆಗೆ ತೆರಿಗೆ ಇಲ್ಲದ ಕಾರಣ ರಿಟರ್ನ್ ಹಾಕುವ ಅಗತ್ಯ ಇರಲಿಲ್ಲ. ಬಡ್ಡಿಯನ್ನು ಮುಚ್ಚಿಡಬೇಡಿ. ಅದನ್ನು ನೀವೇ ಹೇಳಿದಾಗ ಉಳಿದ ಮಾತಿಗೂ ಬೆಲೆ ಬರುತ್ತದೆ.

ಆ ವರ್ಷಕ್ಕೆ ಹಿಂದೆಯೇ ಸ್ಕ್ರೂಟಿನಿ ಆಗಿ, ಇದೇ ವಿಷಯದ ಪ್ರಶ್ನೆಗೆ ಉತ್ತರ ಕೊಟ್ಟಿದ್ದವರು ಆ ಪ್ರಶ್ನಾವಳಿ, ಉತ್ತರ, ಆದೇಶ ಮೂರನ್ನೂ ಲಗತ್ತಿಸಬೇಕು. ಅದೇ ಕಾಗದ ನೋಡಿ ಈಗ ಅಭಿಪ್ರಾಯ ಬದಲಾಯಿಸಿದ್ದಾರೆ ಎಂಬ ವಾದಕ್ಕೆ ಅದಿಲ್ಲದೆ ಬಲ ಇಲ್ಲ.

ನೋಟಿಸ್ ಸರಿಯಾಗಿ ತಲುಪದೇ ಇದ್ದರೆ, ಉದಾಹರಣೆಗೆ ಹಳೆಯ ಇಮೇಲ್‌ಗೆ ಹೋಗಿ ಗಡುವು ಮುಗಿದ ಮೇಲೆ ಗೊತ್ತಾಗಿದ್ದರೆ, ಅದನ್ನೂ ಈಗಲೇ ಬರೆಯಿರಿ. ಅಸೆಸ್‌ಮೆಂಟ್ ಮುಗಿಯುವುದರೊಳಗೆ ಹೇಳದಿದ್ದರೆ, ಪ್ರಕ್ರಿಯೆಯಲ್ಲಿ ಭಾಗವಹಿಸಿದವರು ಆಮೇಲೆ ಈ ತಕರಾರು ಎತ್ತದಂತೆ ಸೆಕ್ಷನ್ 292ಬಿಬಿ ತಡೆಯುತ್ತದೆ.

## ಹಂತ 6: ಪೋರ್ಟಲ್‌ನಲ್ಲಿ ಸಲ್ಲಿಸುವುದು

ಲಾಗಿನ್ ಆಗಿ `Pending Actions` ಒಳಗೆ `e-Proceedings` ತೆರೆಯಿರಿ. ಆ ನೋಟಿಸ್ ಎದುರು `Submit Response` ಒತ್ತಿ. `Partial Response` ಮತ್ತು `Full Response` ಎಂಬ ಎರಡು ಆಯ್ಕೆ ಬರುತ್ತವೆ. ಮಾಹಿತಿ ಕೇಳುವ ಪತ್ರ ಮಾತ್ರ ಹಾಕುವಾಗ ಮೊದಲನೆಯದನ್ನು ಆರಿಸಿ. ಅವಸರದಲ್ಲಿ ಎರಡನೆಯದನ್ನು ಒತ್ತಿದರೆ "ಉತ್ತರ ಪೂರ್ತಿಯಾಯಿತು" ಎಂದು ದಾಖಲಾಗುತ್ತದೆ, ಆಕ್ಷೇಪಣೆ ಹಾಕಲು ಜಾಗ ಸಿಗದೇ ಪರದಾಡಬೇಕಾಗುತ್ತದೆ.

ಸಮಯ ಬೇಕಿದ್ದರೆ ಅಲ್ಲೇ ಮುಂದೂಡಿಕೆ ಕೇಳುವ ಆಯ್ಕೆಯೂ ಇದೆ. ಕೇಳಿದ ಮಾತ್ರಕ್ಕೆ ಸಿಕ್ಕಿತು ಎಂದಲ್ಲ. ಒಪ್ಪಿಗೆ ಪರದೆಯ ಮೇಲೆ ಕಾಣುವವರೆಗೆ ಹಳೆಯ ದಿನವೇ ಗಡುವು. ಸಲ್ಲಿಸಿದ ಮೇಲೆ ಸ್ವೀಕೃತಿ ಇಳಿಸಿಕೊಳ್ಳಿ, ಲಗತ್ತುಗಳು ತೆರೆಯುತ್ತವೆಯೇ ನೋಡಿ. ಮೊಬೈಲ್‌ನಲ್ಲಿ ಹಿಡಿದ ಮಬ್ಬು ಸ್ಟೇಟ್‌ಮೆಂಟ್ ಹಾಕಿ, "ದಾಖಲೆ ಓದಲಾಗುತ್ತಿಲ್ಲ" ಎಂದು ಆದೇಶ ಬರೆಸಿಕೊಂಡರೆ ಇಷ್ಟು ಹೊತ್ತಿನ ಶ್ರಮ ನೀರುಪಾಲು.

ಏನೂ ಉತ್ತರ ಕೊಡದಿದ್ದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ. ಅಧಿಕಾರಿ ಇರುವ ಮಾಹಿತಿಯಲ್ಲೇ ಮುಂದುವರಿಯುತ್ತಾರೆ. ಕೊನೆಗೆ 72 ಲಕ್ಷವನ್ನು ಮೂಲ ತಿಳಿಸದ ಹಣ ಎಂದು ಹಿಡಿದರೆ ಆ ವರ್ಷಕ್ಕೆ ಸೆಕ್ಷನ್ 115ಬಿಬಿಇ ಅಡಿ 60% ತೆರಿಗೆ, ಅದರ ಮೇಲೆ 25% ಸರ್‌ಚಾರ್ಜ್, 4% ಸೆಸ್: ಒಟ್ಟು 78%. ಅಂದರೆ 56.16 ಲಕ್ಷ ರೂಪಾಯಿ. ಬಡ್ಡಿ, ದಂಡ ಬೇರೆ. ಇವರ ಬಳಿ ಇರುವುದೇ 18 ಲಕ್ಷ.

## ಹಂತ 7: ಆದೇಶ ಬಂದ ಮೇಲೆ

ನಿಮ್ಮ ಉತ್ತರ ನೋಡಿ ಅಧಿಕಾರಿ 148ಎ(3) ಅಡಿ ಆದೇಶ ಬರೆಯಬೇಕು. ವಿವರಣೆ ಒಪ್ಪಿದರೆ ವಿಷಯ ಅಲ್ಲಿಗೇ ಮುಗಿಯಿತು. ಒಪ್ಪದಿದ್ದರೆ 148ರ ನೋಟಿಸ್ ಬರುತ್ತದೆ. ಆದೇಶ ಓದುವಾಗ ಮೂರು ಕಡೆ ಕಣ್ಣಿಡಿ. ನಿಮ್ಮ ಗಡುವಿನ ತಕರಾರಿಗೆ ಉತ್ತರ ಇದೆಯೇ? ಶೋಕಾಸ್ ನೋಟಿಸ್‌ನಲ್ಲಿ ಇಲ್ಲದ ಹೊಸ ವಿಷಯ ಸೇರಿಸಿದ್ದಾರೆಯೇ? ಮೇಲಧಿಕಾರಿಯ ಒಪ್ಪಿಗೆಯ ಉಲ್ಲೇಖ ಇದೆಯೇ? 2024ರ ಸೆಪ್ಟೆಂಬರ್ ನಂತರ ಈ ಒಪ್ಪಿಗೆ ಅಡಿಷನಲ್ ಅಥವಾ ಜಾಯಿಂಟ್ ಕಮಿಷನರ್ ಮಟ್ಟದ್ದು. "ಉತ್ತರ ತೃಪ್ತಿಕರವಾಗಿಲ್ಲ" ಎಂಬ ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದರೆ ಆ ಆದೇಶ ದುರ್ಬಲ.

ಈ ಆದೇಶದ ಮೇಲೆ ನೇರ ಮೇಲ್ಮನವಿ ಇಲ್ಲ. ಇರುವ ದಾರಿ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ, ಕರ್ನಾಟಕದಲ್ಲಿ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದ ಮುಂದೆ. ನನ್ನ ಅಭಿಪ್ರಾಯ ಕೇಳಿದರೆ, ಕಾಗದದ ಮೇಲೇ ಎದ್ದು ಕಾಣುವ ದೋಷ ಇದ್ದಾಗ ಮಾತ್ರ ರಿಟ್ ದಾರಿ ಹಿಡಿಯಿರಿ: ಗಡುವು ಮೀರಿರುವುದು, ಶೋಕಾಸ್ ಕೊಡದಿರುವುದು, ಸಲ್ಲಿಸಿದ ಉತ್ತರವನ್ನು ನೋಡದೇ ಇರುವುದು. ಹಣದ ಮೂಲ ನಂಬಬೇಕೋ ಬೇಡವೋ ಎಂಬಂಥ ವಾದವಾದರೆ "ಅಸೆಸ್‌ಮೆಂಟ್‌ನಲ್ಲೇ ಹೇಳಿಕೊಳ್ಳಿ" ಎಂದು ಕೋರ್ಟ್ ವಾಪಸ್ ಕಳಿಸುವ ಸಾಧ್ಯತೆಯೇ ಜಾಸ್ತಿ. ರಿಟ್ ಹಾಕುವುದಾದರೆ ತಡ ಮಾಡದೆ ವಕೀಲರನ್ನು ಕಾಣಿ. ಅಸೆಸ್‌ಮೆಂಟ್ ಆದೇಶ ಬಂದ ಮೇಲೆ ಹೋದರೆ ಮೇಲ್ಮನವಿಯ ದಾರಿ ಇದೆಯಲ್ಲ ಎಂಬ ಪ್ರಶ್ನೆ ಎದುರಾಗುತ್ತದೆ.

ಈ ಹಂತದಲ್ಲಿ ಇನ್ನೊಂದು ದೊಡ್ಡ ತಪ್ಪು ನಡೆಯುತ್ತದೆ. "ನಾನು ಆಕ್ಷೇಪಣೆ ಹಾಕಿದ್ದೇನೆ, ರಿಟರ್ನ್ ಯಾಕೆ ಹಾಕಲಿ?" ಎಂದು 148ರ ನೋಟಿಸ್ ಅನ್ನು ಬಿಟ್ಟುಬಿಡುತ್ತಾರೆ. ತಡೆಯಾಜ್ಞೆ ಇಲ್ಲದಿದ್ದರೆ ನೋಟಿಸ್‌ನಲ್ಲಿ ಹೇಳಿದ ಅವಧಿಯೊಳಗೆ ರಿಟರ್ನ್ ಸಲ್ಲಿಸಲೇಬೇಕು. ನಮ್ಮ ಉದಾಹರಣೆಯಲ್ಲಿ ಬಡ್ಡಿ 74,000 ತೋರಿಸಿ, ತೆರಿಗೆ ಸೊನ್ನೆ ಎಂದು. ಜೊತೆಗೆ `e-Proceedings` ನಲ್ಲಿ ಒಂದು ಸಣ್ಣ ಪತ್ರ ಹಾಕಿ: "ನೋಟಿಸ್‌ನ ಸಿಂಧುತ್ವದ ಬಗ್ಗೆ ನನ್ನ ಆಕ್ಷೇಪಣೆ ಉಳಿಸಿಕೊಂಡು, ಪ್ರತಿಭಟನೆಯೊಂದಿಗೆ ಈ ರಿಟರ್ನ್ ಸಲ್ಲಿಸಿದ್ದೇನೆ." ಹಳೆಯ ಪದ್ಧತಿಯಂತೆ ಇಲ್ಲಿ ಮತ್ತೆ "ದಾಖಲಿಸಿದ ಕಾರಣ ಕೊಡಿ" ಎಂದು ಕೇಳಬೇಕಿಲ್ಲ. ಕಾರಣ 148ಎ(3) ಆದೇಶದಲ್ಲೇ ಇರುತ್ತದೆ.

ಅಸೆಸ್‌ಮೆಂಟ್ ಆದೇಶ ನಿಮ್ಮ ವಿರುದ್ಧ ಬಂದರೆ ಡಿಮ್ಯಾಂಡ್ ನೋಟಿಸ್ ತಲುಪಿದ 30 ದಿನದೊಳಗೆ `Form 35` ನಲ್ಲಿ ಮೇಲ್ಮನವಿ. ಅಲ್ಲಿಯೂ ಮೊದಲ ಅಂಶ ಗಡುವಿನದ್ದೇ ಇರಲಿ, ಹಣದ ಮೂಲ ಎರಡನೆಯದು. ಹಂತ 3ರಲ್ಲಿ ಮಾಹಿತಿ ಕೇಳಿದ ಪತ್ರದ ಸ್ವೀಕೃತಿಯನ್ನು ಇಲ್ಲಿ ಲಗತ್ತಿಸಿ. ಕೇಳಿದ್ದನ್ನು ಕೊಡದೆ ಆದೇಶ ಬರೆದಿದ್ದರೆ, ಅದಕ್ಕೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಅದು.